ಒಂದು ಮತದ ಕತೆ, 15 ವರ್ಷದ ವಾಯಿದೆ

ಸೆಪ್ಟೆಂಬರ್ 14 ಬಂತೆಂದರೆ ಎರಡು ಗುಂಪಿನವರಿಗೆ ಸಂವಿಧಾನದ ಮೇಲೆ ಒಮ್ಮೆಲೇ ಪ್ರೀತಿ ಉಕ್ಕುತ್ತದೆ.

ಒಂದು ಗುಂಪು ಬ್ಯಾಂಕಿನೊಳಗೆ ಹಿಂದಿ ದಿವಸದ ಬ್ಯಾನರ್ ಕಟ್ಟುತ್ತದೆ. ಸಿಬ್ಬಂದಿಗೆ ಹಿಂದಿ ಪ್ರಬಂಧ ಸ್ಪರ್ಧೆ ಇಡುತ್ತದೆ. ಗೆದ್ದವರಿಗೆ ಸ್ಟೀಲ್ ಡಬ್ಬಿ ಕೊಡುತ್ತದೆ. ಕೊನೆಗೆ ಮೇಲಧಿಕಾರಿಯೊಬ್ಬರು ‘ನಮ್ಮ ರಾಷ್ಟ್ರಭಾಷೆ’ ಎಂದು ಭಾಷಣ ಬಿಗಿಯುತ್ತಾರೆ. ಇನ್ನೊಂದು ಗುಂಪು ಅದೇ ಬ್ಯಾಂಕಿನ ಎದುರು ಮೈಕು ಹಿಡಿದು ನಿಲ್ಲುತ್ತದೆ. ‘ಒಂದೇ ಒಂದು ಮತದಿಂದ ಗೆದ್ದ ಭಾಷೆ’ ಎಂದು ಗುಡುಗುತ್ತದೆ.

ಒಳಗಿನವರು ಹೇಳುವುದು ಸಂವಿಧಾನದಲ್ಲಿ ಇಲ್ಲ. ಹೊರಗಿನವರು ಹೇಳುವುದು ಸಂವಿಧಾನ ಸಭೆಯಲ್ಲಿ ನಡೆದಿಲ್ಲ. ಇಬ್ಬರಿಂದ ಆದ ಟ್ರಾಫಿಕ್ ಜಾಮ್ ಮಾತ್ರ ನಿಜ.

ಇಬ್ಬರೂ ಸೇರಿ ಆಚರಿಸುವುದು ಏನನ್ನು? 1949ರ ಸೆಪ್ಟೆಂಬರ್ 14ರ ಸಂಜೆ ಯಾರೂ ಗೆದ್ದಿರಲಿಲ್ಲ. ಮೂರು ವರ್ಷ ಕಿತ್ತಾಡಿ ಸುಸ್ತಾದ ಜನ ಅವತ್ತು ಒಂದು ರಾಜಿಗೆ ಒಪ್ಪಿದ್ದರು. ರಾಜಿ ಎಂದರೆ ಎರಡೂ ಕಡೆಯವರು ಸ್ವಲ್ಪ ಸ್ವಲ್ಪ ಸೋಲುವುದು. ಸೋಲಿಗೆ ದಿನಾಚರಣೆ ಮಾಡಿ ಸಮೋಸ ಹಂಚುವ ದೇಶ ಬೇರೆ ಎಲ್ಲಾದರೂ ಇದ್ದರೆ ತಿಳಿಸಿ.

ಮೊದಲಿಂದ ನೋಡೋಣ. ಯಾರೂ ನೋಡುವುದಿಲ್ಲ, ಅದಕ್ಕೇ.

ಸಂವಿಧಾನ ಸಭೆ ಮೊದಲ ಬಾರಿ ಕೂತದ್ದು 1946ರ ಡಿಸೆಂಬರ್ 9ರಂದು. ಜಗಳ ಶುರುವಾದದ್ದು ಡಿಸೆಂಬರ್ 10ರಂದು. ಒಂದು ದಿನದ ಮಟ್ಟಿಗೆ ಶಾಂತಿ ಇತ್ತು ಎನ್ನಬಹುದು.

ಅವತ್ತು ಝಾನ್ಸಿಯ ಆರ್.ವಿ. ಧುಲೇಕರ್ ಎದ್ದು ನಿಂತರು. ಸಭೆಯ ನಿಯಮಗಳನ್ನು ಹಿಂದೂಸ್ತಾನಿಯಲ್ಲೇ ಬರೆಯಬೇಕು ಎಂದರು. ಹಿಂದೂಸ್ತಾನಿ ಬಾರದವರಿಗೆ ಈ ದೇಶದಲ್ಲಿರುವ ಹಕ್ಕಿಲ್ಲ ಎಂದರು. ಅದು ಬಾರದೆ ಸಂವಿಧಾನ ಬರೆಯಲು ಬಂದ ಸದಸ್ಯರು ಎದ್ದು ಹೋಗುವುದು ಒಳ್ಳೆಯದು ಎಂದೂ ಸೇರಿಸಿದರು. ಸಭೆಯಲ್ಲಿ ಆ ಭಾಷೆ ಅರ್ಥವಾಗದವರು ಬಹಳ ಮಂದಿ ಇದ್ದಾರೆ ಎಂದು ಅಧ್ಯಕ್ಷ ಪೀಠದಿಂದ ಹೇಳಬೇಕಾಯಿತು. ಇದು ಝಾನ್ಸಿಯ ಬಹಿರಂಗ ಸಭೆಯಲ್ಲ ಎಂದು ನೆಹರೂ ನೆನಪಿಸಬೇಕಾಯಿತು.

ಗಮನಿಸಿ. ಅವರು ಆಗ ಹೇಳಿದ್ದು ಹಿಂದೂಸ್ತಾನಿ, ಹಿಂದಿಯಲ್ಲ. ಆ ಹೊತ್ತಿಗೆ ಕಾಂಗ್ರೆಸ್ಸಿನ ಅಧಿಕೃತ ಮಂತ್ರ ಹಿಂದೂಸ್ತಾನಿ. ಗಾಂಧೀಜಿಯ ಆಸೆಯೂ ಅದೇ: ಹಿಂದಿ ಉರ್ದು ಬೆರೆತ ಆಡುಮಾತು, ನಾಗರಿ ಮತ್ತು ಉರ್ದು ಎರಡೂ ಲಿಪಿ.

ಏಳೇ ತಿಂಗಳಲ್ಲಿ ಮಂತ್ರ ಬದಲಾಯಿತು. ದೇಶ ವಿಭಜನೆ ಖಚಿತವಾದ ಮೇಲೆ, 1947ರ ಜುಲೈನಲ್ಲಿ, ಸಭೆಯ ಕಾಂಗ್ರೆಸ್ ಸದಸ್ಯರು ತಮ್ಮೊಳಗೇ ಮತ ಹಾಕಿದರು. ಹಿಂದಿಗೆ 63, ಹಿಂದೂಸ್ತಾನಿಗೆ 32. ಇದು ಹಿಂದಿ ಗೆದ್ದ ಮೊದಲ ಮತದಾನ. ಗೆದ್ದದ್ದು ಒಂದು ಮತದಿಂದಲ್ಲ, ಸುಮಾರು ಎರಡು ಪಟ್ಟಿನಿಂದ. ಸೋತದ್ದು ಕನ್ನಡವೂ ಅಲ್ಲ, ತಮಿಳೂ ಅಲ್ಲ. ಸೋತದ್ದು ಗಾಂಧೀಜಿಯ ಹಿಂದೂಸ್ತಾನಿ. ಗಾಂಧೀಜಿ ಆಗ ಇನ್ನೂ ಬದುಕಿದ್ದರು. ಅವರ ಫೋಟೋಕ್ಕೆ ಹಾರ ಹಾಕುವ ಅಭ್ಯಾಸ ಆಮೇಲೆ ಬಂತು.

ಹಾಗಾದರೆ ಆ ‘ಒಂದು ಮತ’ ಎಲ್ಲಿಂದ ಬಂತು?

ಅಂಬೇಡ್ಕರ್ ಅವರಿಂದ. 1955ರಲ್ಲಿ ಭಾಷಾವಾರು ರಾಜ್ಯಗಳ ಬಗ್ಗೆ ಬರೆದ ಪುಸ್ತಕದಲ್ಲಿ ಅವರು ಇದನ್ನು ಹೇಳುತ್ತಾರೆ. ಕರಡು ಸಮಿತಿಯ ಅಧ್ಯಕ್ಷರಾಗಿದ್ದರಿಂದ ಕಾಂಗ್ರೆಸ್ ಪಕ್ಷದ ಒಳಸಭೆಗೆ ಅವರಿಗೆ ಪ್ರವೇಶವಿತ್ತು. ಅಲ್ಲಿ ಮೊದಲು 78ಕ್ಕೆ 78 ಬಂತು, ಬಹಳ ಹೊತ್ತಿನ ಮೇಲೆ ಮತ್ತೆ ಕೇಳಿದಾಗ 78ಕ್ಕೆ 77 ಆಯಿತು, ಹಿಂದಿ ಒಂದು ಮತದಿಂದ ಗೆದ್ದಿತು ಎನ್ನುತ್ತಾರೆ. ಅಂದರೆ ಅವರೇ ಹೇಳುವಂತೆ ಅದು ಸಂವಿಧಾನ ಸಭೆಯ ಮತದಾನವಲ್ಲ, ಒಂದು ಪಕ್ಷದ ಬಾಗಿಲು ಮುಚ್ಚಿದ ಕೋಣೆಯ ಮತದಾನ.

ಸಂವಿಧಾನ ರಚನೆಯ ಇತಿಹಾಸ ಬರೆದ ಗ್ರ್ಯಾನ್‌ವಿಲ್ ಆಸ್ಟಿನ್ ಇನ್ನೊಂದು ಮಾತು ಸೇರಿಸುತ್ತಾರೆ. 1949ರ ಆಗಸ್ಟಿನಲ್ಲಿ ಆ ಕೋಣೆಯಲ್ಲಿ ಕೂದಲೆಳೆಯ ಮತದಾನ ನಡೆದದ್ದು ನಿಜ, ಆದರೆ ಅದು ಹಿಂದಿ ಬೇಕೋ ಬೇಡವೋ ಎಂಬ ಬಗ್ಗೆ ಅಲ್ಲ, ಅಂಕಿಗಳ ಬಗ್ಗೆ ಎನ್ನುತ್ತಾರೆ.

ಹೌದು, ಅಂಕಿಗಳು. ಒಂದು, ಎರಡು, ಮೂರು. ಅವನ್ನು ನಾಗರಿಯಲ್ಲಿ ಬರೆಯಬೇಕೋ ಅಥವಾ ಜಗತ್ತೆಲ್ಲ ಬರೆಯುವ 1, 2, 3ರಲ್ಲಿ ಬರೆಯಬೇಕೋ ಎಂಬ ಬಗ್ಗೆ.

ದೇಶ ಒಡೆದು ಎರಡು ವರ್ಷ. ನಿರಾಶ್ರಿತರ ಶಿಬಿರಗಳು ಇನ್ನೂ ತುಂಬಿದ್ದವು. ಇತ್ತ ದೆಹಲಿಯಲ್ಲಿ ಘನಂದಾರಿ ನಾಯಕರು ಬಾಗಿಲು ಹಾಕಿಕೊಂಡು ಎಂಟನ್ನು ಹೇಗೆ ಬರೆಯಬೇಕು ಎಂದು ಮತ ಹಾಕುತ್ತಿದ್ದರು.

ನಗಬೇಡಿ. ಅದಕ್ಕೆ ಕಾರಣವೂ ಇತ್ತು. ಹಿಂದಿಗೆ ನಾಗರಿ ಲಿಪಿ ಎಂಬುದನ್ನು ದಕ್ಷಿಣದವರು ಬಹುತೇಕ ಒಪ್ಪಿಬಿಟ್ಟಿದ್ದರು. ಅವರ ಕೈಯಲ್ಲಿ ಉಳಿದಿದ್ದದ್ದು ಅಂಕಿ ಮಾತ್ರ. ಲೆಕ್ಕಪತ್ರ, ಬ್ಯಾಂಕು, ಅಂಕಿಅಂಶ, ವಿಜ್ಞಾನ ಎಲ್ಲ ನಡೆಯುವುದು 1, 2, 3ರಲ್ಲೇ, ಅದನ್ನಾದರೂ ಬಿಡಿ ಎಂದು ಅವರು ಕೇಳಿದರು. ಲಿಪಿ ಎಂದರೆ ಅಂಕಿಯೂ ಸೇರಿ, ಅರ್ಧ ಲಿಪಿ ಎಂಬುದಿಲ್ಲ ಎಂದು ಪುರುಷೋತ್ತಮದಾಸ ಟಂಡನ್ ಕಡೆಯವರು ಹಟ ಹಿಡಿದರು. ಎಲ್ಲವನ್ನೂ ಪಡೆದವರು ಉಳಿದ ಒಂದಕ್ಕೂ ಕೈ ಚಾಚಿದರು. ಎಲ್ಲವನ್ನೂ ಬಿಟ್ಟವರು ಆ ಒಂದನ್ನು ಬಿಡಲಿಲ್ಲ.

ರಾಜಿ ಬಂದದ್ದು ಕೆ.ಎಂ. ಮುನ್ಷಿ ಮತ್ತು ಎನ್. ಗೋಪಾಲಸ್ವಾಮಿ ಅಯ್ಯಂಗಾರ್ ಅವರ ಹೆಸರಿನಲ್ಲಿ. ಗುಜರಾತಿನ ಒಬ್ಬ ಸಾಹಿತಿ-ವಕೀಲ, ತಮಿಳುನಾಡಿನ ಒಬ್ಬ ಅನುಭವಿ ಆಡಳಿತಗಾರ. ಹಿಂದಿ ಇಬ್ಬರ ತಾಯಿಭಾಷೆಯೂ ಅಲ್ಲ. ತಾಯಿಭಾಷೆಯವರ ಕೈಗೆ ಕೊಟ್ಟಿದ್ದರೆ ರಾಜಿ ಆಗುತ್ತಿರಲಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ಅವರು ಬರೆದ ಸೂತ್ರ ಇಂದಿನ 343ನೇ ವಿಧಿ. ಅದನ್ನು ಬಿಡಿಸಿ ನೋಡಿದರೆ ರಾಜಿ ಎಂಬುದು ಎಷ್ಟು ಜಾಣತನದ ಕೆಲಸ ಎಂದು ಗೊತ್ತಾಗುತ್ತದೆ.

ಮೊದಲ ಉಪವಿಧಿ: ಒಕ್ಕೂಟದ ಆಡಳಿತ ಭಾಷೆ ನಾಗರಿ ಲಿಪಿಯ ಹಿಂದಿ. ಉತ್ತರದವರಿಗೆ ಸಂತೋಷ. ಅದೇ ಉಪವಿಧಿಯ ಕೊನೆಗೆ: ಅಂಕಿಗಳು ಮಾತ್ರ ‘ಭಾರತೀಯ ಅಂಕಿಗಳ ಅಂತಾರಾಷ್ಟ್ರೀಯ ರೂಪ’ದಲ್ಲಿ. ದಕ್ಷಿಣದವರಿಗೆ ಸಂತೋಷ. 1, 2, 3 ಇಂಗ್ಲಿಷಿನದಲ್ಲ, ನಮ್ಮಲ್ಲೇ ಹುಟ್ಟಿ ಅರಬರ ಮೂಲಕ ಯುರೋಪಿಗೆ ಹೋಗಿ ಬಂದದ್ದು ಎಂದು ಹೆಸರಿನಲ್ಲೇ ಹೇಳಿಬಿಟ್ಟಾಗ, ಸ್ವದೇಶಿಗಳ ಬಾಯಿಯೂ ಮುಚ್ಚಿತು.

ಎರಡನೇ ಉಪವಿಧಿ: 15 ವರ್ಷ ಇಂಗ್ಲಿಷ್ ಮುಂದುವರಿಯುತ್ತದೆ. ದಕ್ಷಿಣದವರಿಗೆ ಸಂತೋಷ. ಆದರೆ ಆ 15 ವರ್ಷದೊಳಗೇ ರಾಷ್ಟ್ರಪತಿ ಬೇಕಾದ ಕೆಲಸಕ್ಕೆ ಇಂಗ್ಲಿಷಿನ ಜೊತೆ ಹಿಂದಿಯನ್ನೂ, ಅಂತಾರಾಷ್ಟ್ರೀಯ ಅಂಕಿಯ ಜೊತೆ ನಾಗರಿ ಅಂಕಿಯನ್ನೂ ಬಳಸಲು ಅನುಮತಿ ಕೊಡಬಹುದು. ಉತ್ತರದವರಿಗೆ ಸಂತೋಷ.

ಮೂರನೇ ಉಪವಿಧಿ: 15 ವರ್ಷ ಮುಗಿದ ಮೇಲೂ ಇಂಗ್ಲಿಷನ್ನೋ ನಾಗರಿ ಅಂಕಿಯನ್ನೋ ಬಳಸುವ ಬಗ್ಗೆ ಸಂಸತ್ತು ಕಾನೂನು ಮಾಡಬಹುದು. ಯಾರಿಗೆ ಸಂತೋಷ ಎಂದು ಸಂಸತ್ತು ಆಮೇಲೆ ನೋಡಿಕೊಳ್ಳಲಿ.

ಮೊದಲ ಉಪವಿಧಿ ಕೊಟ್ಟದ್ದನ್ನು ಎರಡನೆಯದು ತಡೆಹಿಡಿಯುತ್ತದೆ. ಎರಡನೆಯದು ತಡೆದದ್ದಕ್ಕೆ ಮೂರನೆಯದು ವಾಯಿದೆ ಹಾಕುತ್ತದೆ. ತೀರ್ಮಾನ ಮಾಡಿದ ಹಾಗೆಯೂ ಆಯಿತು, ಮಾಡದ ಹಾಗೆಯೂ ಆಯಿತು. ಇದು ತೀರಾ ಹೊಂದಿಕೆಯಾಗದ ಅಭಿಪ್ರಾಯಗಳ ನಡುವಿನ ಒಪ್ಪಂದ ಎಂದು ಅಯ್ಯಂಗಾರ್ ಸಭೆಯಲ್ಲೇ ಹೇಳಿದ್ದರು. ಅವರೇನೂ ಮುಚ್ಚಿಡಲಿಲ್ಲ. ಮುಚ್ಚಿಟ್ಟವರು ಆಮೇಲಿನವರು.

ಚರ್ಚೆ ನಡೆದದ್ದು ಸೆಪ್ಟೆಂಬರ್ 12, 13, 14ರಂದು. ತಿದ್ದುಪಡಿಗಳು 300ಕ್ಕೂ ಹೆಚ್ಚು. ಅಧ್ಯಕ್ಷ ರಾಜೇಂದ್ರ ಪ್ರಸಾದ್ ಮೊದಲೇ ಎಚ್ಚರಿಸಿದರು: ಸಂವಿಧಾನದಲ್ಲಿ ದಿನದಿನವೂ, ಗಂಟೆಗಂಟೆಗೂ ಜಾರಿ ಮಾಡಬೇಕಾದ ವಿಷಯ ಇದೊಂದೇ, ಇಲ್ಲಿ ಬಹುಮತ ಗಳಿಸಿದರೆ ಸಾಲದು, ದೇಶದ ಒಂದು ದೊಡ್ಡ ಭಾಗ ಒಪ್ಪದಿದ್ದರೆ ಜಾರಿ ಮಾಡುವುದೇ ಕಷ್ಟ.

ಈ ಮಾತು ಹೇಳಿದವರು ಸ್ವತಃ ಹಿಂದಿ ಪರ. ಅವರ ಹೆಸರು ಹೇಳಿ ಇವತ್ತು ಭಾಷಣ ಮಾಡುವವರು ಈ ಭಾಗವನ್ನು ಮಾತ್ರ ಬಿಟ್ಟು ಓದುತ್ತಾರೆ.

ಸಭೆಯಲ್ಲಿ ಎಲ್ಲ ಬಗೆಯವರೂ ಇದ್ದರು. ಬಂಗಾಳದ ಲಕ್ಷ್ಮೀಕಾಂತ ಮೈತ್ರ ಸಂಸ್ಕೃತವನ್ನೇ ಆಡಳಿತ ಭಾಷೆ ಮಾಡಿ ಎಂದರು. ಅದಕ್ಕೆ ದನಿಗೂಡಿಸಿದವರಲ್ಲಿ ನಜೀರುದ್ದೀನ್ ಅಹ್ಮದ್ ಒಬ್ಬರು. ಮದರಾಸಿನ ಟಿ.ಟಿ. ಕೃಷ್ಣಮಾಚಾರಿ ಹಿಂದಿನ ವರ್ಷವೇ ಬೆಣ್ಣೆ ಹಚ್ಚದೆ ಹೇಳಿದ್ದರು: ಅಖಂಡ ಭಾರತ ಬೇಕೋ, ಹಿಂದಿ ಭಾರತ ಬೇಕೋ, ಆಯ್ಕೆ ಸಂಯುಕ್ತ ಪ್ರಾಂತದ ನನ್ನ ಗೆಳೆಯರದ್ದು ಎಂದು. ದಕ್ಷಿಣದಲ್ಲಿ ತಾನೇ ಮುಂದೆ ನಿಂತು ಹೆಂಗಸರಿಗೆ ಹಿಂದಿ ಕಲಿಸಿದ ದುರ್ಗಾಬಾಯಿ, ಈ ಹಟಮಾರಿತನ ಕಂಡು ನೊಂದು ಮಾತಾಡಿದರು. ಹಿಂದಿಯನ್ನು ಪ್ರೀತಿಯಿಂದ ಕಲಿತವರಿಗೂ ಬೇಸರ ಬರುವ ಹಾಗೆ ಪ್ರಚಾರ ಮಾಡುವ ಕಲೆ ಅವತ್ತೇ ಸಿದ್ಧಿಸಿತ್ತು. ಇವತ್ತಿಗೂ ಅದರಲ್ಲಿ ಕೊರತೆಯಿಲ್ಲ.

ಆಮೇಲೆ ಜೈಪಾಲ್ ಸಿಂಗ್ ಎದ್ದರು. ಆದಿವಾಸಿಗಳ ಪರ ಮಾತಾಡುತ್ತಿದ್ದ, ಒಲಿಂಪಿಕ್ ಚಿನ್ನ ಗೆದ್ದ ಹಾಕಿ ತಂಡದ ನಾಯಕ. ಮುಂಡಾರಿ, ಗೊಂಡಿ, ಉರಾಂವ್ ಭಾಷೆಗಳನ್ನೂ ಎಂಟನೇ ಅನುಸೂಚಿಗೆ ಸೇರಿಸಿ ಎಂದು ಕೇಳಿದರು. ಸೇರಿಸಲಿಲ್ಲ. ಆ ಮೂರೂ ಇವತ್ತಿಗೂ ಹೊರಗೇ ಇವೆ. ರಾಜಿ ಎಂದರೆ ಗುಂಪುಗಳ ನಡುವಿನ ಹಂಚಿಕೆ. ಗುಂಪು ಕಟ್ಟಿಕೊಂಡು ಬಾರದವರಿಗೆ ಅದರಲ್ಲಿ ಪಾಲಿಲ್ಲ.

ಆ ಎಂಟನೇ ಅನುಸೂಚಿಯ ಮೂಲ ಪಟ್ಟಿಯನ್ನು ಹತ್ತಿರ ಹಿಡಿದು ನೋಡಿ. 14 ಭಾಷೆಗಳು. ಅಸ್ಸಾಮಿ ಮೊದಲು, ಬಂಗಾಳಿ ಎರಡನೆಯದು, ಆಮೇಲೆ ಗುಜರಾತಿ, ಹಿಂದಿ, ಕನ್ನಡ, ಕಾಶ್ಮೀರಿ. ಕೊನೆಗೆ ತಮಿಳು, ತೆಲುಗು, ಉರ್ದು. ಇದು ಯಾವ ಕ್ರಮ? ಇಂಗ್ಲಿಷ್ ಅಕ್ಷರಮಾಲೆಯ ಕ್ರಮ. ಇಂಗ್ಲಿಷನ್ನು ಮನೆಯಿಂದ ಹೊರಹಾಕಲು ಸೇರಿದ ಭಾಷೆಗಳೆಲ್ಲ ಇಂಗ್ಲಿಷ್ ಹೇಳಿದ ಸಾಲಿನಲ್ಲಿ ನಿಂತಿವೆ. ಇಂಗ್ಲಿಷ್ ಮಾತ್ರ ಪಟ್ಟಿಯಲ್ಲಿ ಇಲ್ಲ.

ಈ ಪಟ್ಟಿಯಲ್ಲಿ ಹೆಸರಿದ್ದರೆ ಏನು ಸಿಗುತ್ತದೆ? ಮೂಲ ಸಂವಿಧಾನದ ಪ್ರಕಾರ ಎರಡು ಸಂಗತಿ. 344ನೇ ವಿಧಿಯ ಪ್ರಕಾರ, ಹಿಂದಿಯ ಬಳಕೆ ಹೆಚ್ಚಿಸುವುದು ಹೇಗೆ ಎಂದು ಶಿಫಾರಸು ಮಾಡುವ ಆಯೋಗದಲ್ಲಿ ನಿಮ್ಮ ಭಾಷೆಯ ಪ್ರತಿನಿಧಿಗೆ ಜಾಗ. 351ನೇ ವಿಧಿಯ ಪ್ರಕಾರ, ಹಿಂದಿಯನ್ನು ಶ್ರೀಮಂತಗೊಳಿಸಲು ನಿಮ್ಮ ಭಾಷೆಯಿಂದ ಶೈಲಿ, ಪದ ತೆಗೆದುಕೊಳ್ಳಬಹುದು. ಅಷ್ಟೇ. ಅಂದರೆ ಕನ್ನಡ ಎಂಟನೇ ಅನುಸೂಚಿಗೆ ಸೇರಿದ್ದು ಹಿಂದಿಗೆ ಸಾಲ ಕೊಡುವವರ ಪಟ್ಟಿಯಲ್ಲಿ. ನಾವು ಅದನ್ನು ಕಿರೀಟ ಎಂದುಕೊಂಡು 75 ವರ್ಷದಿಂದ ತಲೆಯ ಮೇಲೆ ಹೊತ್ತಿದ್ದೇವೆ.

ಆಮೇಲೆ ಆ ಪಟ್ಟಿಗೆ ಪರೀಕ್ಷೆ, ಪ್ರಶಸ್ತಿ, ಅನುದಾನ ಎಲ್ಲ ಅಂಟಿಕೊಂಡವು ನಿಜ. ಅದಕ್ಕೇ ಈಗ ಪಟ್ಟಿ 22ಕ್ಕೆ ಏರಿದೆ, ತುಳುವರು ಬಾಗಿಲಲ್ಲಿ ಕಾಯುತ್ತಿದ್ದಾರೆ. ದೆಹಲಿ ಹಿಂದಿ ಹೇರುತ್ತದೆ ಎಂದು ಕೂಗುವ ನಾವು ತುಳು, ಕೊಡವ ಮಾತು ಬಂದಾಗ ಗಂಟಲು ಸರಿಮಾಡಿಕೊಳ್ಳುತ್ತೇವೆ. ಬೆಂಗಳೂರಿಗೂ ತನ್ನದೇ ಒಂದು ಸಣ್ಣ ದೆಹಲಿ ಆಗುವ ಆಸೆ ಇದೆ.

351ರಲ್ಲಿ ಇನ್ನೊಂದು ತಮಾಷೆ ಇದೆ. ‘ಹಿಂದೂಸ್ತಾನಿ ಹಾಗೂ ಎಂಟನೇ ಅನುಸೂಚಿಯ ಇತರ ಭಾಷೆಗಳು’ ಎಂದು ಅದು ಹೇಳುತ್ತದೆ. ಓದಿದವರಿಗೆ ಹಿಂದೂಸ್ತಾನಿ ಅನುಸೂಚಿಯಲ್ಲಿದೆ ಎನಿಸುತ್ತದೆ. ಇಲ್ಲ. ಅವತ್ತೂ ಇರಲಿಲ್ಲ, ಇವತ್ತೂ ಇಲ್ಲ. ಗಾಂಧೀಜಿಯ ಭಾಷೆಗೆ ಒಂದು ಕಡೆ ಹೆಸರು ಕೊಟ್ಟರು, ಇನ್ನೊಂದು ಕಡೆ ಜಾಗ ಕೊಡಲಿಲ್ಲ. ಪದ ಮುಖ್ಯವಾಗಿ ಸಂಸ್ಕೃತದಿಂದ ತನ್ನಿ ಎಂದರು. ಉರ್ದು ಬೆರೆತ ಮಾತು ಬೇಕೆಂದವರಿಗೆ ಒಂದು ಶಬ್ದ, ಸಂಸ್ಕೃತ ಬೇಕೆಂದವರಿಗೆ ಇಡೀ ಶಬ್ದಕೋಶ. ಹಂಚಿಕೆ ನಡೆದದ್ದು ಹೀಗೆ.

ಕನ್ನಡಿಗರು ಆ ಸಭೆಯಲ್ಲಿ ಎಲ್ಲಿದ್ದರು? ಚೆಲ್ಲಾಪಿಲ್ಲಿಯಾಗಿ ಇದ್ದರು. ನಿಜಲಿಂಗಪ್ಪ, ಆರ್.ಆರ್. ದಿವಾಕರ ಮುಂಬಯಿಯಿಂದ ಬಂದವರು. ಕೆ.ಸಿ. ರೆಡ್ಡಿ, ಕೆಂಗಲ್ ಹನುಮಂತಯ್ಯ ಮೈಸೂರಿನಿಂದ. ಪೂಣಚ್ಚ ಕೊಡಗಿನಿಂದ. ಉಳಿದ ಕನ್ನಡ ನಾಡು ಮದರಾಸು, ಹೈದರಾಬಾದುಗಳಲ್ಲಿ ಹರಿದು ಹಂಚಿಹೋಗಿತ್ತು. ಭಾಷಾವಾರು ಪ್ರಾಂತ ಮಾಡಬಹುದೇ ಎಂದು ನೋಡಲು 1948ರಲ್ಲಿ ಧರ್ ಆಯೋಗ ನೇಮಿಸಿದ್ದರು. ಆಂಧ್ರ, ಕೇರಳ, ಮಹಾರಾಷ್ಟ್ರದ ಜೊತೆ ಕರ್ನಾಟಕವನ್ನೂ ನೋಡಿ, ಭಾಷೆಯ ಆಧಾರದ ಮೇಲೆ ಪ್ರಾಂತ ಮಾಡುವುದು ದೇಶಕ್ಕೆ ಹಿತವಲ್ಲ ಎಂದು ಆ ವರ್ಷದ ಡಿಸೆಂಬರಿನಲ್ಲಿ ಆಯೋಗ ವರದಿ ಕೊಟ್ಟಿತು.

ಒಂಬತ್ತು ತಿಂಗಳ ನಂತರ ಅದೇ ಸಭೆ ಒಂದು ಭಾಷೆಯನ್ನು ಇಡೀ ಒಕ್ಕೂಟಕ್ಕೆ ಹಾಸಿತು. ಭಾಷೆಯ ಹೆಸರಿನಲ್ಲಿ ಒಂದು ಪ್ರಾಂತ ಕೇಳಿದರೆ ಸಂಕುಚಿತ ಮನೋಭಾವ. ಭಾಷೆಯ ಹೆಸರಿನಲ್ಲಿ ಇಡೀ ದೇಶ ಕೇಳಿದರೆ ರಾಷ್ಟ್ರೀಯತೆ. ಈ ಅಳತೆಗೋಲು ಇನ್ನೂ ಬದಲಾಗಿಲ್ಲ. ಕನ್ನಡಕ್ಕೆ ಪಟ್ಟಿಯಲ್ಲಿ ಜಾಗ ಸಿಕ್ಕಿದ್ದು 1950ರಲ್ಲಿ, ಕನ್ನಡಿಗರಿಗೆ ನಕ್ಷೆಯಲ್ಲಿ ಜಾಗ ಸಿಕ್ಕಿದ್ದು 1956ರಲ್ಲಿ.

ನಮಗೆ ಬೇಕಾಗಿದ್ದದ್ದು ವೀಣೆ, ಸಿತಾರಿನ ಸಂಗೀತ, ಸಿಕ್ಕಿದ್ದು ಇಂಗ್ಲಿಷ್ ಬ್ಯಾಂಡು ಎಂದು ಹನುಮಂತಯ್ಯನವರು ಆ ಸಂವಿಧಾನದ ಬಗ್ಗೆ ಅದೇ ಸಭೆಯಲ್ಲಿ ಹೇಳಿದರು. ಯಾವ ಭಾಷೆಯಲ್ಲಿ? ಇಂಗ್ಲಿಷಿನಲ್ಲಿ. ಬೇರೆ ದಾರಿಯೇನಿತ್ತು? ಕನ್ನಡದಲ್ಲಿ ಹೇಳಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಇನ್ನು ಬಹಳ ಜನ ನಂಬಿಕೊಂಡ ಒಂದು ಮಾತು. ಸಂವಿಧಾನ ಸಭೆಯ ಚರ್ಚೆಗಳು 12 ಸಂಪುಟ, ಎಲ್ಲ ಅಚ್ಚಾಗಿವೆ, ಓದಿದರೆ ಸತ್ಯ ಸಿಗುತ್ತದೆ ಎಂಬುದು. ಸಿಗುವುದು ಭಾಷಣ. ಚೌಕಾಶಿ ಸಿಗುವುದಿಲ್ಲ. ಅಂಕಿಯ ಮತದಾನ ನಡೆದದ್ದು ಪಕ್ಷದ ಕೋಣೆಯಲ್ಲಿ. ಹಿಂದೂಸ್ತಾನಿ ಸತ್ತದ್ದು ಪಕ್ಷದ ಕೋಣೆಯಲ್ಲಿ. ಸಭೆಗೆ ಬಂದದ್ದು ಸ್ನಾನ ಮಾಡಿಸಿ ಬಟ್ಟೆ ತೊಡಿಸಿದ ತೀರ್ಮಾನ. ಅದಕ್ಕೇ 78, 77 ಎಂಬ ಲೆಕ್ಕ ಯಾವ ಸಂಪುಟದಲ್ಲೂ ಇಲ್ಲ, ಅಂಬೇಡ್ಕರ್ ನೆನಪಿನಿಂದ ಬರೆಯಬೇಕಾಯಿತು. ಅಚ್ಚಾದ ಚರ್ಚೆಯನ್ನು ಪ್ರಜಾಪ್ರಭುತ್ವದ ಹಬ್ಬ ಎಂದು ಹೊಗಳುವವರು, ಅಚ್ಚಾಗದ ಚರ್ಚೆ ಯಾರದ್ದು ಎಂದು ಕೇಳುವುದಿಲ್ಲ.

ಹಿಂದಿಗೆ ಸಿಕ್ಕಿದ ಗೌರವ ಎಂಥದ್ದು ನೋಡಿ. 1950ರ ಜನವರಿ 24ರಂದು ಸದಸ್ಯರು ಇಂಗ್ಲಿಷ್ ಪ್ರತಿಗೂ ಹಿಂದಿ ಪ್ರತಿಗೂ ಸಹಿ ಹಾಕಿದರು. ಫೋಟೋ ತೆಗೆಸಿಕೊಂಡರು. ಆದರೆ ಕೋರ್ಟಿನಲ್ಲಿ ನಡೆಯುತ್ತಿದ್ದದ್ದು ಇಂಗ್ಲಿಷ್ ಪಾಠ ಒಂದೇ. ಹಿಂದಿ ಪಾಠಕ್ಕೆ ಅಧಿಕೃತ ಮಾನ್ಯತೆ ಸಿಕ್ಕಿದ್ದು 1987ರಲ್ಲಿ, 58ನೇ ತಿದ್ದುಪಡಿಯ ಮೂಲಕ. ಹಿಂದಿಯನ್ನು ಆಡಳಿತ ಭಾಷೆ ಎಂದು ಸಾರಿದ ಪುಸ್ತಕ ಹಿಂದಿಯಲ್ಲಿ ಅಧಿಕೃತವಾಗಲು 37 ವರ್ಷ ಹಿಡಿಯಿತು. ದಿನಾಚರಣೆ ಮಾತ್ರ ಅದಕ್ಕೆ ಕಾಯಲಿಲ್ಲ.

ಜೀವ ಕೊಟ್ಟು ಕಾದಾಡಿದ ಆ ನಾಗರಿ ಅಂಕಿ ಏನಾಯಿತು? ಇವತ್ತಿನ ಹಿಂದಿ ಪತ್ರಿಕೆ ತೆಗೆದು ನೋಡಿ. ದಿನಾಂಕ, ಬೆಲೆ, ಕ್ರಿಕೆಟ್ ಸ್ಕೋರು ಎಲ್ಲ ಹೆಚ್ಚಾಗಿ 1, 2, 3ರಲ್ಲೇ. ದಕ್ಷಿಣದವರು ಕೇಳಿದಾಗ ಸಂಸ್ಕೃತಿಯ ನಾಶ. ಕಂಪ್ಯೂಟರ್ ಕೇಳಿದಾಗ ಅನುಕೂಲ. ನಾವೇನು ಕಡಿಮೆ? ಕನ್ನಡದ ಅಂಕಿಗಳನ್ನು ನಾವು ಮತವನ್ನೂ ಹಾಕದೆ ಬಿಟ್ಟುಕೊಟ್ಟೆವು. ಈ ಅಂಕಣದಲ್ಲೂ ಅವೇ 1, 2, 3.

ಪತ್ರಿಕೆಗಳು ಬಿಟ್ಟ ಅಂಕಿಯನ್ನು ನೋಟು ಎತ್ತಿಕೊಂಡಿತು. ಜೇಬಿನಲ್ಲಿ 500ರ ನೋಟಿದ್ದರೆ ತೆಗೆಯಿರಿ. 2016ರಲ್ಲಿ ಬಂದ ಈ ಹೊಸ ನೋಟಿನ ಮುಖದ ಮೇಲೆ 500 ಎಂದೂ ಇದೆ, ನಾಗರಿ ಅಂಕಿಯಲ್ಲೂ ಇದೆ. ಅದರ ಹಿಂದಿನ ಗಾಂಧಿ ನೋಟಿನಲ್ಲಿ ಅದು ಇರಲಿಲ್ಲ. 343ನೇ ವಿಧಿಗೆ ಇದು ವಿರುದ್ಧ ಎಂದು ಮದರಾಸು ಹೈಕೋರ್ಟಿನಲ್ಲಿ ಪ್ರಶ್ನಿಸಿದರು. ದೇಶಕ್ಕೆ ದೇಶವೇ ಎಟಿಎಂ ಮುಂದೆ ಸಾಲು ನಿಂತಿತ್ತು, 1949ರ ಅಂಕಿ ಜಗಳ ಮಾತ್ರ ಅಲ್ಲೂ ಹಾಜರಿತ್ತು. ನೋಟನ್ನು ತಿರುವಿ. ಹಿಂಬದಿಯ ಪಟ್ಟಿಯಲ್ಲಿ 15 ಭಾಷೆ, ಮೇಲಿಂದ ನಾಲ್ಕನೆಯದು ಕನ್ನಡ. ಕ್ರಮ ಯಾವುದು ಎಂದು ಇನ್ನು ನಾನು ಹೇಳಬೇಕಿಲ್ಲ.

ಈಗ ವಾಯಿದೆಯ ವಿಷಯ. 15 ವರ್ಷ ಎಂದರೆ 1965ರ ಜನವರಿ 26. ಗಡುವು ಹತ್ತಿರ ಬಂದಾಗ ಗಾಬರಿಯಾಯಿತು. 1963ರಲ್ಲಿ ಆಡಳಿತ ಭಾಷಾ ಕಾಯ್ದೆ ತಂದು, ಇಂಗ್ಲಿಷ್ ‘ಮುಂದುವರಿಯಬಹುದು’ ಎಂದರು. ‘ಮುಂದುವರಿಯತಕ್ಕದ್ದು’ ಎನ್ನಿ ಎಂದು ದಕ್ಷಿಣ ಕೇಳಿತು. ನೆಹರೂ ಬಾಯಿಮಾತಿನ ಭರವಸೆ ಕೊಟ್ಟರು. ಮರುವರ್ಷ ತೀರಿಕೊಂಡರು. ಭರವಸೆ ಕೊಟ್ಟವರು ಹೋದರು, ‘ಬಹುದು’ ಉಳಿಯಿತು.

1965ರ ಜನವರಿಯಲ್ಲಿ ಮದರಾಸು ರಾಜ್ಯ ಹೊತ್ತಿ ಉರಿಯಿತು. ಮೈಗೆ ಬೆಂಕಿ ಹಚ್ಚಿಕೊಂಡವರಿದ್ದರು, ಗುಂಡಿಗೆ ಬಲಿಯಾದವರಿದ್ದರು. ಸಿ. ಸುಬ್ರಮಣ್ಯಂ, ಒ.ವಿ. ಅಳಗೇಶನ್ ಕೇಂದ್ರ ಸಚಿವ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. 1949ರಲ್ಲಿ ಮುಂದಕ್ಕೆ ಹಾಕಿದ ಜಗಳದ ಬಾಕಿಯನ್ನು 1965ರಲ್ಲಿ ವಿದ್ಯಾರ್ಥಿಗಳು ತೀರಿಸಿದರು. ಸಹಿ ಹಾಕಿದವರು ಒಬ್ಬರು, ಕಟ್ಟಿದವರು ಇನ್ನೊಬ್ಬರು.

ಅಷ್ಟಾದ ಮೇಲೆ 1967ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಅದರ ಮೂರನೇ ಪ್ರಕರಣದ ಐದನೇ ಉಪಪ್ರಕರಣ ಹೇಳುವುದು ಇಷ್ಟು: ಹಿಂದಿಯನ್ನು ತಮ್ಮ ಆಡಳಿತ ಭಾಷೆಯಾಗಿ ಒಪ್ಪದ ಎಲ್ಲ ರಾಜ್ಯಗಳ ಶಾಸನಸಭೆಗಳೂ ಇಂಗ್ಲಿಷ್ ಬೇಡ ಎಂದು ನಿರ್ಣಯ ಮಾಡಬೇಕು. ಆಮೇಲೆ ಸಂಸತ್ತಿನ ಎರಡೂ ಸದನ ಒಪ್ಪಬೇಕು. ಅಲ್ಲಿಯವರೆಗೆ ಇಂಗ್ಲಿಷ್ ಇರುತ್ತದೆ. ಇಂಥ ಒಂದೇ ಒಂದು ರಾಜ್ಯ ಒಲ್ಲೆ ಎಂದರೆ ಸಾಕು. ಕರ್ನಾಟಕದ ವಿಧಾನಸಭೆ ಸುಮ್ಮನೆ ಕೂತರೂ ಸಾಕು. ಸುಮ್ಮನೆ ಕೂರುವ ವಿದ್ಯೆಯಲ್ಲಿ ನಮ್ಮ ಶಾಸಕರಿಗೆ ಅನುಭವ ಧಾರಾಳವಾಗಿದೆ.

ಬ್ಯಾಂಕಿನೊಳಗಿನವರು ಇದನ್ನು ಹೇಳುವುದಿಲ್ಲ, ಏಕೆಂದರೆ ‘ರಾಷ್ಟ್ರಭಾಷೆ’ ಭಾಷಣ ಕೆಡುತ್ತದೆ. ಸಂವಿಧಾನ ಯಾವ ಭಾಷೆಯನ್ನೂ ರಾಷ್ಟ್ರಭಾಷೆ ಎಂದಿಲ್ಲ. ಹೊರಗಿನವರೂ ಇದನ್ನು ಹೇಳುವುದಿಲ್ಲ, ಏಕೆಂದರೆ ಇಂಗ್ಲಿಷನ್ನು ಕಾಯುವ ಕಾನೂನು ಕನ್ನಡದ ವೇದಿಕೆಯಲ್ಲಿ ಚಪ್ಪಾಳೆ ತರುವುದಿಲ್ಲ. ಕನ್ನಡವನ್ನು ಹಿಂದಿಯಿಂದ ಕಾಪಾಡುತ್ತಿರುವುದು ಇಂಗ್ಲಿಷ್, ಇಂಗ್ಲಿಷಿನಿಂದ ಕಾಪಾಡುವವರು ಯಾರೂ ಇಲ್ಲ. ಇದನ್ನು ಯಾವ ಮೈಕಿನಲ್ಲಿ ಹೇಳುವುದು?

ಪಾಲುಪಟ್ಟಿಯಲ್ಲಿ ತಂತಮ್ಮ ಪಾಲಿನ ಸಾಲನ್ನಷ್ಟೇ ಓದುವ ದಾಯಾದಿಗಳ ಹಾಗೆ ನಾವು ಸಂವಿಧಾನ ಓದುತ್ತೇವೆ. 343ರ ಮೊದಲ ಉಪವಿಧಿ ಅವರಿಗೆ ಬಾಯಿಪಾಠ, ಎರಡನೆಯದು ನಮಗೆ. ಸೇರಿಸಿ ಓದುವ ತಾಳ್ಮೆ ಯಾರಿಗೂ ಇಲ್ಲ. ಸೇರಿಸಿ ಓದಿದರೆ ಗೊತ್ತಾಗುವುದು ಒಂದೇ: ಈ ದೇಶದಲ್ಲಿ ಭಾಷೆಯ ಪ್ರಶ್ನೆಗೆ ಉತ್ತರ ಬರೆದಿಲ್ಲ, ಮುಂದಿನ ದಿನಾಂಕ ಕೊಟ್ಟಿದ್ದಾರೆ.

ಕೊನೆಗೆ ಒಂದು ಮಾತು, ಇದನ್ನಾದರೂ ನೆನಪಿಡಿ. ಹಿಂದಿಯೇತರ ರಾಜ್ಯಗಳಿಗಿರುವ ಆ ತಡೆಯುವ ಅಧಿಕಾರ ಸಂವಿಧಾನದಲ್ಲಿ ಇಲ್ಲ. ಅದು ಇರುವುದು ಒಂದು ಮಾಮೂಲಿ ಕಾಯ್ದೆಯಲ್ಲಿ. ಅದನ್ನು ಅಳಿಸಲು ಮೂರನೇ ಎರಡರಷ್ಟು ಬಹುಮತ ಬೇಡ, ರಾಜ್ಯಗಳನ್ನು ಕೇಳಬೇಕಾಗಿಲ್ಲ. ಎರಡೂ ಸದನಗಳಲ್ಲಿ ಸರಳ ಬಹುಮತ ಇದ್ದರೆ ಒಂದು ಮಧ್ಯಾಹ್ನದ ಕೆಲಸ. ನೀವು ಮತ ಹಾಕಿ ಕಳಿಸಿದ ಸಂಸದರಿಗೆ ಇದು ಗೊತ್ತಿದೆಯೇ ಎಂದು ಮುಂದಿನ ಸಲ ಅವರು ಕೈಮುಗಿದು ಬಂದಾಗ ಕೇಳಿ. ಕನ್ನಡದಲ್ಲೇ ಕೇಳಿ.